ಅಪ್‌ಡೇಟ್: ಕ್ಲೌಡ್ ಸರ್ವರ್ ಕಮಿಟ್‌ಮೆಂಟ್ ತಗೊಂಡ್ವಿ, ಆದ್ರೆ ಒಂದಕ್ಕೆ ಮಾತ್ರ

ಕೇಳಿದ್ದು: "ಶಿರಸಿಲಿ ಅಡಿಕೆ ವ್ಯಾಪಾರದ ಬಿಲ್ಲಿಂಗ್‌ಗೆ ಎರಡು ಸರ್ವರ್ ಆನ್-ಡಿಮ್ಯಾಂಡ್‌ನಲ್ಲಿ ಓಡ್ತಿದೆ. ಒಂದು ವರ್ಷದ ಕಮಿಟ್‌ಮೆಂಟಿಗೆ ನೂರಕ್ಕೆ 40 ಕಡಿಮೆ ಅಂತಿದಾರೆ, ತಗೊಳ್ಲಾ?"

ಉತ್ರ ಕೊಟ್ಟ ಎಲ್ರಿಗೂ ಥ್ಯಾಂಕ್ಸ್. ಲೆಕ್ಕ ಹೀಗೆ ಬಂತು: ಆನ್-ಡಿಮ್ಯಾಂಡಲ್ಲಿ ಓಡಿದಷ್ಟು ಹೊತ್ತಿಗೆ ಮಾತ್ರ ದುಡ್ಡು, ಗಂಟೆಗೆ 10 ರೂಪಾಯಿ ಅಂದ್ಕೊಳ್ಳಿ, ಕಮಿಟ್‌ಮೆಂಟಲ್ಲಿ 6, ಆದ್ರೆ ಆ 6 ಮಷಿನ್ ಆಫ್ ಇದ್ರೂ ಕಟ್ಲೇಬೇಕು, ತಿಂಗಳ 730 ಗಂಟೆಗೆ 4,380 ಆಯ್ತು. ಅಂದ್ರೆ ತಿಂಗಳಿಗೆ 438 ಗಂಟೆಗಿಂತ ಜಾಸ್ತಿ ಓಡೋ ಮಷಿನಿಗೆ ಮಾತ್ರ ಲಾಭ.

ಡೇಟಾಬೇಸ್ ಹಗಲೂ ರಾತ್ರಿ ಓಡತ್ತೆ, ಅದಕ್ಕೆ ತಗೊಂಡ್ವಿ, 7,300ರ ಜಾಗದಲ್ಲಿ 4,380. ರಿಪೋರ್ಟ್ ಸರ್ವರ್ ಅಂಗಡಿ ಟೈಮಲ್ಲಷ್ಟೇ ಬೇಕು, ದಿನಕ್ಕೆ 11 ಗಂಟೆ, 26 ದಿನ, ಅಂದ್ರೆ 286 ಗಂಟೆ, 2,860 ರೂಪಾಯಿ, ಹಂಗಾಗಿ ಅದು ಆನ್-ಡಿಮ್ಯಾಂಡಲ್ಲೇ ಇರ್ಲಿ, ರಾತ್ರಿ ತಾನೇ ಸ್ಟಾಪ್ ಆಗೋ ಹಾಗೆ ಶೆಡ್ಯೂಲ್ ಹಾಕಿದೀವಿ (ಡಿಸ್ಕ್ ಚಾರ್ಜ್ ಮಾತ್ರ ಸ್ಟಾಪಾದ್ರೂ ಬರತ್ತೆ, ಅದು ಬೇರೆ).

ಅಣ್ಣ ಮೂರು ವರ್ಷದ್ದೇ ತಗೋ ಅಂದ, ಇನ್ನೂ ಅಗ್ಗ ಅಂತ. ನಾ ಒಪ್ಲಿಲ್ಲ. ನಾವು ತಗೊಂಡ ಪ್ಲಾನ್ ಒಂದೇ ಮಷಿನ್ ಫ್ಯಾಮಿಲಿಗೆ, ಮುಂಬೈ ರೀಜನ್ನಿಗೆ ಕಟ್ಟಿದ್ದು, ನಾಳೆ ಬೇರೆ ಪ್ರೊಸೆಸರ್ ಮಷಿನಿಗೆ ಹೋದ್ರೆ ಹಳೇದಕ್ಕೂ ದುಡ್ಡು, ಹೊಸದಕ್ಕೂ ದುಡ್ಡು. ಫ್ಯಾಮಿಲಿ ಬದಲಾಯಿಸೋಕೆ ಬಿಡೋ ಪ್ಲಾನೂ ಇದೆ, ರಿಯಾಯ್ತಿ ಸ್ವಲ್ಪ ಕಮ್ಮಿ.