ಸಹಾಯ ಬೇಕು: ಹಳೇ ತಾರಸಿ ಮೇಲೆ ಸೊಪ್ಪಿನ ಮಡಿ

ನಮಸ್ಕಾರ. ಮೈಸೂರಿನಲ್ಲಿ ನಮ್ಮದು 1998ರ ಆರ್‌ಸಿಸಿ ಮನೆ. ಓಡಾಡುವ ತಾರಸಿಗೆ ಲೆಕ್ಕ ಹಿಡಿಯೋದು ಚದರ ಮೀಟರಿಗೆ ಸುಮಾರು 150 ಕೆ.ಜಿ. ಅರ್ಧ ಅಡಿ ಕೆಂಪು ಮಣ್ಣು ನೆನೆದರೆ ಅದೊಂದೇ 250 ಮುಟ್ಟುತ್ತೆ! ಹಾಗಾಗಿ ತೆಂಗಿನ ನಾರಿನ ಪುಡಿಗೆ ಗೊಬ್ಬರ ಬೆರೆಸಿ ನಾಲ್ಕೇ ಇಂಚು, ಅದೂ ಕೆಳಗೆ ಗೋಡೆ ಇರುವ ಕಡೆ ಮಾತ್ರ ಅಂದುಕೊಂಡಿದ್ದೇನೆ. ಅದರಡಿ ಜಿಯೋಟೆಕ್ಸ್‌ಟೈಲ್ ಬಟ್ಟೆ, ಡ್ರೈನ್ ಸೆಲ್, ಎಲ್ಲಕ್ಕೂ ಕೆಳಗೆ ಬೇರು ತಡೆಯುವ ಎಚ್‌ಡಿಪಿಇ ಹಾಳೆ.

ತೊಡಕು ಇಲ್ಲಿದೆ. ಈಗಿರುವ ವಾಟರ್‌ಪ್ರೂಫಿಂಗ್ ಬರೀ ಡಾಂಬರು ಶೀಟು, ಬೇರಿಗೆ ತಡೆಯಲ್ಲ. ಮಳೆನೀರಿನ ಪೈಪಿನ ಬಾಯಲ್ಲಿ ಹುಟ್ಟಿದ್ದ ಅರಳಿ ಸಸಿ ಕಿತ್ತಾಗ ಬೇರಿನ ಜೊತೆ ಶೀಟೂ ಎದ್ದು ಬಂತು. ಕೆಳಗೆ ಅಡುಗೆಮನೆ ಸೀಲಿಂಗಿನಲ್ಲಿ ಅಂಗೈಯಗಲ ತೇವ. ಶೀಟು ಪೂರ್ತಿ ಕಿತ್ತು ಹೊಸದು ಹಾಕಿಸಬೇಕಾ? ಇಲ್ಲ, ಅಲ್ಲಿಗಷ್ಟೇ ತೇಪೆ ಹಾಕಿ, ಎರಡು ದಿನ ಒಂದಿಂಚು ನೀರು ಕಟ್ಟಿ ನೋಡಿ, ಮೇಲೆ ಹಾಳೆ ಹಾಸಿದರೆ ಸಾಕಾ? ಮಾಡಿಸಿದವರು ದಯವಿಟ್ಟು ಹೇಳಿ.