ಹಳೆಯ ನಿದ್ದೆ ಮಾತ್ರೆ ಬಾರ್ಬಿಟ್ಯುರೇಟ್ ಮೂಲೆಗೆ ಸರಿದದ್ದೇಕೆ?

ಪ್ರಶ್ನೆ (ಗುಂಪಿನ ಸದಸ್ಯರೊಬ್ಬರು, ದಾವಣಗೆರೆ): ನನ್ನ ತಾಯಿಗೆ 61 ವರ್ಷ. ಫಿಟ್ಸ್‌ಗಾಗಿ 24 ವರ್ಷಗಳಿಂದ ಪ್ರತಿ ರಾತ್ರಿ ಗಾರ್ಡಿನಾಲ್ 60 ಮಿ.ಗ್ರಾಂ. ಮಾತ್ರೆ ಒಂದನ್ನು ತೆಗೆದುಕೊಳ್ಳುತ್ತಿದ್ದಾರೆ. ಹದಿನೈದು ವರ್ಷಗಳಿಂದ ಒಮ್ಮೆಯೂ ಫಿಟ್ಸ್ ಬಂದಿಲ್ಲ. ಮೊನ್ನೆ ಹೊಸದೊಂದು ಔಷಧ ಅಂಗಡಿಯಲ್ಲಿ, ಇದು ಬಾರ್ಬಿಟ್ಯುರೇಟ್, ಹಳೆಯ ಕಾಲದ ಅಪಾಯದ ನಿದ್ದೆ ಮಾತ್ರೆ ಎಂದರಂತೆ. ಅಮ್ಮ ಹೆದರಿ ಮೂರು ದಿನಗಳಿಂದ ಮಾತ್ರೆ ನಿಲ್ಲಿಸಿದ್ದಾರೆ, ಆರಾಮಾಗಿಯೇ ಇದ್ದಾರೆ. ವೈದ್ಯರು ಈ ಔಷಧಗಳನ್ನು ಕೈಬಿಟ್ಟದ್ದೇಕೆ? ಅಷ್ಟು ಕೆಟ್ಟದ್ದಾದರೆ ಅಮ್ಮನಿಗೆ ಕೊಟ್ಟದ್ದೇಕೆ?

ಅರಿವಳಿಕೆ ತಜ್ಞೆ, ಮೈಸೂರು: ಉಳಿದದ್ದನ್ನು ಓದುವ ಮೊದಲು ತಾಯಿಯವರನ್ನು ನೋಡುವ ವೈದ್ಯರಿಗೆ ಫೋನ್ ಮಾಡಿ, ಮಾತ್ರೆ ನಿಂತಿರುವ ವಿಷಯ ತಿಳಿಸಿ, ಇವತ್ತು ರಾತ್ರಿಯಿಂದಲೇ ಮತ್ತೆ ಶುರು ಮಾಡುವ ಬಗ್ಗೆ ಕೇಳಿ. ಅವರು ಆರಾಮಾಗಿರುವುದಕ್ಕೆ ಕಾರಣ ಔಷಧ ಬೇಡವಾಗಿದೆ ಎಂದಲ್ಲ, ಔಷಧ ಇನ್ನೂ ಮೈಯಲ್ಲಿದೆ ಎಂದು. ಗಾರ್ಡಿನಾಲ್‌ನ ಒಳಗಿರುವ ಫೀನೋಬಾರ್ಬಿಟೋನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ವಯಸ್ಕರಲ್ಲಿ ಸುಮಾರು ಮೂರರಿಂದ ಐದು ದಿನ ಬೇಕು. ನಾಲ್ಕು ದಿನ ಎಂದಿಟ್ಟುಕೊಂಡರೆ ಈಗ ಅರ್ಧಕ್ಕಿಂತ ತುಸು ಹೆಚ್ಚೇ ಉಳಿದಿದೆ, ಎಂಟನೆಯ ದಿನಕ್ಕೆ ಕಾಲು ಭಾಗ, ಹನ್ನೆರಡನೆಯ ದಿನಕ್ಕೆ ಎಂಟನೆಯ ಒಂದು ಭಾಗ ಮಾತ್ರ. ಭಯ ಪಡಬೇಕಾದದ್ದು ಆ ಎರಡನೆಯ ವಾರದ ಬಗ್ಗೆ. ವರ್ಷಗಟ್ಟಲೆ ಈ ಔಷಧದ ಜೊತೆಗೇ ಬದುಕಿದ ಮಿದುಳು ಅದು ಸಿಗದೆ ಕೆರಳುತ್ತದೆ, ಆಗ ಬರುವ ಫಿಟ್ಸ್ ಒಂದಕ್ಕೇ ನಿಲ್ಲದೆ ಒಂದರ ಹಿಂದೊಂದು ಬರಬಹುದು.

ಇನ್ನು ಈ ಗುಂಪು ಮೂಲೆಗೆ ಸರಿದ ವಿಚಾರ. ಜರ್ಮನಿಯಲ್ಲಿ 1903ರಲ್ಲಿ ವೆರೋನಾಲ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಬಾರ್ಬಿಟಾಲ್ ಇವುಗಳಲ್ಲಿ ಮೊದಲನೆಯದು. ನಿಮ್ಮ ತಾಯಿಯ ಔಷಧ 1912ರಲ್ಲಿ ಬಂತು, ಅದು ಫಿಟ್ಸ್ ತಡೆಯುತ್ತದೆಂದು ಆಲ್ಫ್ರೆಡ್ ಹೌಪ್ಟ್‌ಮನ್ ಎಂಬ ವೈದ್ಯರು ಕಂಡುಕೊಂಡದ್ದೂ ಅದೇ ವರ್ಷ. ಮುಂದಿನ ಅರ್ಧ ಶತಮಾನ ಪಶ್ಚಿಮದ ದೇಶಗಳಲ್ಲಿ ನಿದ್ದೆ ಬಾರದವರಿಗೂ ಮನಸ್ಸಿನ ತಳಮಳ ಇದ್ದವರಿಗೂ ವೈದ್ಯರ ಕೈಯಲ್ಲಿದ್ದ ಮುಖ್ಯ ಮದ್ದು ಇದೇ ಗುಂಪಿನದು.

ಅದರ ದೋಷ ಏನೆಂಬುದನ್ನು ನಾನು ಪುಸ್ತಕಕ್ಕಿಂತ ಮೊದಲು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಕಂಡೆ. ನಾವು ಕಲಿಯುವಾಗ ರೋಗಿಯನ್ನು ಮಲಗಿಸುತ್ತಿದ್ದದ್ದು ಇದೇ ಕುಲದ ಥಯೊಪೆಂಟಾಲ್‌ನಿಂದ. ತಿಳಿಹಳದಿ ಪುಡಿ ಇರುವ 500 ಮಿ.ಗ್ರಾಂ. ಸೀಸೆಗೆ 20 ಮಿ.ಲೀ. ನೀರು ಬೆರೆಸಿದಾಗ ಬೆಳ್ಳುಳ್ಳಿಯಂಥ ವಾಸನೆ ಬರುತ್ತಿತ್ತು. ಸೂಜಿಮದ್ದು ಹೋಗುತ್ತಿದ್ದಂತೆ ರೋಗಿ ಆಕಳಿಸುತ್ತಿದ್ದರು, ರೆಪ್ಪೆ ಮುಟ್ಟಿದರೂ ಅಲುಗುತ್ತಿರಲಿಲ್ಲ, ಅದರ ಬೆನ್ನಿಗೇ ಉಸಿರೂ ನಿಲ್ಲುತ್ತಿತ್ತು. ನಿದ್ದೆಗೂ ಉಸಿರು ನಿಲ್ಲುವುದಕ್ಕೂ ನಡುವೆ ಒಂದು ನಿಮಿಷದ ಅಂತರವೂ ಇರುತ್ತಿರಲಿಲ್ಲ. ನಾವು ಮಾಸ್ಕ್ ಹಿಡಿದು ತಲೆಯ ಬಳಿಯೇ ನಿಂತಿರುತ್ತಿದ್ದುದರಿಂದ ಅದು ದೊಡ್ಡ ವಿಷಯವಾಗಿರಲಿಲ್ಲ. ಮನೆಯಲ್ಲಿ ಒಬ್ಬರೇ ಮಲಗಿದವರ ತಲೆಯ ಬಳಿ ಯಾರೂ ನಿಂತಿರುವುದಿಲ್ಲ.

ಇದಕ್ಕೆ ಕಾರಣ ಹೀಗಿದೆ. ಮಿದುಳಿನ ಜೀವಕೋಶವನ್ನು ಸುಮ್ಮನಾಗಿಸುವ ಗಾಬಾ ಎಂಬ ರಾಸಾಯನಿಕ ನಮ್ಮೊಳಗೇ ತಯಾರಾಗುತ್ತದೆ. ಅದು ಬಂದು ತಟ್ಟಿದಾಗ ಕೋಶದ ಒಂದು ಸಣ್ಣ ಬಾಗಿಲು ತೆರೆದು ಕ್ಲೋರೈಡ್ ಒಳಗೆ ನುಗ್ಗುತ್ತದೆ, ಕೋಶ ತಣ್ಣಗಾಗುತ್ತದೆ. 1960ರಲ್ಲಿ ಲಿಬ್ರಿಯಮ್, 1963ರಲ್ಲಿ ವ್ಯಾಲಿಯಮ್ ಎಂಬ ಹೆಸರುಗಳಿಂದ ಬಂದ ಬೆಂಜೊಡಯಜಪೀನ್‌ಗಳು ಗಾಬಾ ತಟ್ಟಿದಾಗ ಬಾಗಿಲು ಇನ್ನಷ್ಟು ಸಲ ತೆರೆಯುವಂತೆ ಮಾಡುತ್ತವೆ, ಆದರೆ ತಟ್ಟುವವರೇ ಇಲ್ಲದಿದ್ದರೆ ಅವುಗಳಿಂದ ಏನೂ ಆಗದು. ಹೀಗಾಗಿ ಅವುಗಳ ಪರಿಣಾಮ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಬಾರ್ಬಿಟ್ಯುರೇಟ್ ಮಾತ್ರ ತೆರೆದ ಬಾಗಿಲನ್ನು ಮುಚ್ಚಗೊಡದೆ ಹಿಡಿದಿಡುತ್ತದೆ, ಪ್ರಮಾಣ ಹೆಚ್ಚಾದರೆ ಗಾಬಾದ ಹಂಗೇ ಇಲ್ಲದೆ ತಾನೇ ಬಾಗಿಲು ತೆರೆಯುತ್ತದೆ. ಅದಕ್ಕೆ ಮೇಲ್ಮಿತಿಯೇ ಇಲ್ಲ. ನಿದ್ದೆ, ಎಚ್ಚರವಿಲ್ಲದ ಸ್ಥಿತಿ, ಉಸಿರು ನಿಲ್ಲುವುದು, ಇವೆಲ್ಲ ಒಂದೇ ಏಣಿಯ ಮೆಟ್ಟಿಲುಗಳು.

ಇದಕ್ಕಿಂತ ಮೋಸದ ಸಂಗತಿ ಇನ್ನೊಂದಿದೆ. ಕೆಲವು ವಾರ ಬಿಡದೆ ತೆಗೆದುಕೊಂಡರೆ ಮಿದುಳು ಒಗ್ಗಿಕೊಳ್ಳುತ್ತದೆ, ಯಕೃತ್ತು ಔಷಧವನ್ನು ಮೊದಲಿಗಿಂತ ಬೇಗ ಕರಗಿಸುವುದನ್ನು ಕಲಿಯುತ್ತದೆ, ಹೀಗಾಗಿ ಒಂದು ಮಾತ್ರೆಗೆ ಬರುತ್ತಿದ್ದ ನಿದ್ದೆಗೆ ಹೆಚ್ಚು ಮಾತ್ರೆ ಬೇಕಾಗುತ್ತದೆ. ಆದರೆ ಉಸಿರನ್ನು ನಡೆಸುವ ಭಾಗ ಅಷ್ಟೇ ಚೆನ್ನಾಗಿ ಒಗ್ಗಿಕೊಳ್ಳುವುದಿಲ್ಲ. ನಿದ್ದೆಯ ಮೆಟ್ಟಿಲು ದಿನೇ ದಿನೇ ಮೇಲೇರುತ್ತದೆ, ಉಸಿರು ನಿಲ್ಲುವ ಮೆಟ್ಟಿಲು ಹೆಚ್ಚು ಕಡಿಮೆ ಇದ್ದಲ್ಲೇ ಇರುತ್ತದೆ. ನನಗೆ ಅಭ್ಯಾಸವಾಗಿದೆ ಎಂದು ಧೈರ್ಯವಾಗಿರುವ ಹಳೆಯ ರೋಗಿಗೇ ಅಂತರ ಅತಿ ಕಡಿಮೆ. ಅದರ ಮೇಲೆ ಮದ್ಯವೂ ಸೇರಿದರೆ ಉಳಿದ ಅಂತರವೂ ಹೋಯಿತು.

ಔಷಧ ಅಂಗಡಿಯವರು, ಹಾಸನ: ಮೇಡಂ, ಈ ಗುಂಪು ಪೂರಾ ನಿಷೇಧವಾಗಿದೆ, ಫೀನೋಬಾರ್ಬಿಟೋನ್‌ಗೆ ಮಾತ್ರ ಹೇಗೋ ವಿನಾಯಿತಿ ಸಿಕ್ಕಿದೆ ಎಂದು ಕೇಳಿದ್ದೇನೆ. ಬೆಂಜೊಡಯಜಪೀನ್ ಗುಂಪಿನ ಈಗಿನ ಆಲ್ಪ್ರಜೋಲಾಮ್, ಕ್ಲೊನಜೆಪಾಮ್ ಎಷ್ಟು ತಿಂದರೂ ಜೀವಕ್ಕೆ ಅಪಾಯವಿಲ್ಲ, ಹೊಟ್ಟೆಗೆ ಹೋದರೂ ಅದಕ್ಕೆ ಪ್ರತಿಮದ್ದು ಇದೆಯಲ್ಲ.

ಅರಿವಳಿಕೆ ತಜ್ಞೆ, ಮೈಸೂರು: ಪ್ರತಿಮದ್ದು ಇರುವುದು ನಿಜ, ಅದರ ಹೆಸರು ಫ್ಲೂಮಜೆನಿಲ್. ಬಾರ್ಬಿಟ್ಯುರೇಟ್‌ಗೆ ಅಂಥದ್ದು ಇಂದಿಗೂ ಇಲ್ಲ. ಆದರೆ ವರ್ಷಗಟ್ಟಲೆ ಕ್ಲೊನಜೆಪಾಮ್ ತಿನ್ನುವವರಿಗೆ ಫ್ಲೂಮಜೆನಿಲ್ ಕೊಟ್ಟರೆ ಫಿಟ್ಸ್ ಬರಬಹುದು, ಆದ್ದರಿಂದ ನಾವು ಅದನ್ನು ಯೋಚಿಸಿಯೇ ಮುಟ್ಟುತ್ತೇವೆ. ಎಷ್ಟು ತಿಂದರೂ ಎಂಬ ಮಾತನ್ನು ದಯವಿಟ್ಟು ಗಿರಾಕಿಗಳಿಗೆ ಹೇಳಬೇಡಿ. ಆರೋಗ್ಯವಂತರಲ್ಲಿ ಆ ಮಾತ್ರೆ ಒಂದೇ ಆದಾಗ ಸಾವು ಅಪರೂಪ ಎಂಬುದಷ್ಟೇ ಸರಿ. ಮದ್ಯದ ಜೊತೆಗೋ ಅಫೀಮು ಜಾತಿಯ ನೋವಿನ ಮದ್ದಿನ ಜೊತೆಗೋ ಅವೂ ಉಸಿರು ನಿಲ್ಲಿಸುತ್ತವೆ. ಚಟ ಅವುಗಳಿಗೂ ಹತ್ತುತ್ತದೆ, ವಯಸ್ಸಾದವರು ರಾತ್ರಿ ಎದ್ದು ಬಿದ್ದು ಸೊಂಟದ ಮೂಳೆ ಮುರಿದುಕೊಂಡು ನಮ್ಮ ಮೇಜಿಗೆ ಬರುವುದೂ ಉಂಟು. ಇನ್ನು ನಿಷೇಧದ ಮಾತು ತಪ್ಪು. ಫೀನೋಬಾರ್ಬಿಟೋನ್ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ.

ಪ್ರತಿಮದ್ದಿನ ಮಾತು ಬಂದದ್ದರಿಂದ ಒಂದು ಸಂಗತಿ ಹೇಳಲೇಬೇಕು. ಈ ಮಾತ್ರೆಗಳಿಂದ ಎಚ್ಚರ ತಪ್ಪಿ ಬಂದವರನ್ನು ಬಡಿದೆಬ್ಬಿಸಲು ಆಗಿನ ವೈದ್ಯರು ಉತ್ತೇಜಕ ಮದ್ದುಗಳನ್ನು ಕೊಡುತ್ತಿದ್ದರು, ಅದರಿಂದ ಫಿಟ್ಸ್ ಬಂದು ರೋಗಿ ಇನ್ನೂ ಹದಗೆಡುತ್ತಿದ್ದರು. ಎರಡನೆಯ ಮಹಾಯುದ್ಧದ ನಂತರ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಕ್ಲೆಮೆಸೆನ್ ಮತ್ತು ನಿಲ್ಸನ್ ಎಂಬ ವೈದ್ಯರು ಅದನ್ನೆಲ್ಲ ನಿಲ್ಲಿಸಿ, ಶ್ವಾಸನಾಳ ತೆರೆದಿಟ್ಟು, ಉಸಿರನ್ನೂ ರಕ್ತದೊತ್ತಡವನ್ನೂ ಕಾದುಕೊಂಡು, ದೇಹ ತಾನೇ ಔಷಧವನ್ನು ಹೊರಹಾಕುವವರೆಗೆ ಕಾಯುವ ಕ್ರಮ ಹಿಡಿದರು. ನೂರರಲ್ಲಿ ಇಪ್ಪತ್ತರಷ್ಟಿದ್ದ ಸಾವು ಒಂದೆರಡಕ್ಕೆ ಇಳಿಯಿತು. ಇಂದಿನ ಐಸಿಯುನಲ್ಲಿ ವಿಷಪ್ರಾಶನಕ್ಕೆ ನಾವು ಮಾಡುವುದರ ಬೇರು ಅಲ್ಲಿದೆ.

ಸದಸ್ಯೆಯೊಬ್ಬರು, ಶಿರಸಿ: ನನಗೂ ನಾಲ್ಕು ತಿಂಗಳಿಂದ ನಿದ್ದೆ ಸರಿಯಾಗಿ ಬರುತ್ತಿಲ್ಲ. ನನ್ನ ಅತ್ತೆಯವರ ಗಾರ್ಡಿನಾಲ್ ಮನೆಯಲ್ಲೇ ಇದೆ. 60ರ ಬದಲು 30ರದ್ದು ತೆಗೆದುಕೊಂಡರೆ ಸುರಕ್ಷಿತವೇ? ಇದು ಹಳೆಯದಾದರೂ ಗಟ್ಟಿ ಔಷಧ ಎಂದು ಇಲ್ಲಿ ಎಲ್ಲರೂ ಹೇಳುತ್ತಿದ್ದೀರಿ.

ಅರಿವಳಿಕೆ ತಜ್ಞೆ, ಮೈಸೂರು: ಬೇಡ. ಗಟ್ಟಿ ಎಂದದ್ದು ಹೊಗಳಿಕೆಯಲ್ಲ. ದಿನಗಟ್ಟಲೆ ಮೈಯಲ್ಲಿ ಉಳಿಯುವುದರಿಂದ ಇದು ನಿದ್ದೆಗೆ ಹೇಳಿಸಿದ್ದೇ ಅಲ್ಲ, ಬೆಳಿಗ್ಗೆಯೂ ಮಂಪರು ಬಿಡದು, ರಾತ್ರಿಯಿಂದ ರಾತ್ರಿಗೆ ಕೂಡುತ್ತಾ ಹೋಗುತ್ತದೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರ ಫಲವೂ ಕುಗ್ಗಬಹುದು. ನಾಲ್ಕು ತಿಂಗಳ ನಿದ್ರಾಹೀನತೆಯನ್ನು ವೈದ್ಯರಿಗೆ ಬೇರೆಯಾಗಿಯೇ ತೋರಿಸಿ.

ನಿವೃತ್ತ ಸರ್ಕಾರಿ ವೈದ್ಯರು, ರಾಯಚೂರು: ಮೇಡಂ ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಓದಿದವರು ಈ ಮಾತ್ರೆಯನ್ನು ಇನ್ನಷ್ಟು ಹೆದರಬಹುದು. ನಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದಾಗ ಹೊಸ ಮಾತ್ರೆಗಳ ಖರ್ಚು ತಡೆಯಲಾರದ ಕೂಲಿಯವರ ಫಿಟ್ಸ್ ನಿಂತದ್ದು ಫೀನೋಬಾರ್ಬಿಟೋನ್‌ನಿಂದ. ಅಗ್ಗ, ದಿನಕ್ಕೊಮ್ಮೆ ಸಾಕು, ಒಂದು ರಾತ್ರಿ ಮರೆತರೂ ಕೂಡಲೇ ಕೆಡುವುದಿಲ್ಲ. ಹುಟ್ಟಿದ ಮಗುವಿಗೆ ಫಿಟ್ಸ್ ಬಂದರೆ ಇಂದಿಗೂ ಮೊದಲು ತೆಗೆಯುವುದು ಇದನ್ನೇ. ಹೊಸದೆಲ್ಲ ಇದಕ್ಕಿಂತ ಮೇಲು ಎಂಬುದನ್ನು ನಾನು ಒಪ್ಪುವುದಿಲ್ಲ.

ಅರಿವಳಿಕೆ ತಜ್ಞೆ, ಮೈಸೂರು: ಸರ್, ಫಿಟ್ಸ್‌ಗೆ ಇದರ ಜಾಗ ನಾನೂ ಅಲ್ಲಗಳೆಯುವುದಿಲ್ಲ. ನಿದ್ದೆಗೆಂದು ತೆಗೆದುಕೊಳ್ಳುವವರು ತಾವೇ ಪ್ರಮಾಣ ಏರಿಸಿಕೊಂಡು ಹೋಗುತ್ತಾರೆ, ಫಿಟ್ಸ್‌ಗೆ ತೆಗೆದುಕೊಳ್ಳುವವರು ಒಂದೇ ಸಣ್ಣ ಪ್ರಮಾಣದಲ್ಲಿ ವರ್ಷಗಟ್ಟಲೆ ನಿಲ್ಲುತ್ತಾರೆ, ಏಣಿ ಹತ್ತುವುದೇ ಇಲ್ಲ. ಪ್ರಶ್ನೆ ಕೇಳಿದವರ ತಾಯಿಗೆ ಇದನ್ನು ಕೊಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಶಾಲೆಗೆ ಹೋಗುವ ಮಕ್ಕಳಲ್ಲಿ ಚಡಪಡಿಕೆ, ಪಾಠದಲ್ಲಿ ಹಿಂದೆ ಬೀಳುವುದು ನಿಮ್ಮ ಕಣ್ಣಿಗೂ ಬಿದ್ದಿರಬೇಕು.

ನಿವೃತ್ತ ಸರ್ಕಾರಿ ವೈದ್ಯರು, ರಾಯಚೂರು: ಬಿದ್ದಿದೆ, ಇಲ್ಲವೆನ್ನುವುದಿಲ್ಲ. ಅದು ಔಷಧದಿಂದ ಎಷ್ಟು, ಫಿಟ್ಸ್‌ನಿಂದ ಎಷ್ಟು ಎಂದು ಬೇರ್ಪಡಿಸಿ ಹೇಳಲು ನನಗೆ ಎಂದೂ ಆಗಲಿಲ್ಲ.

ಪ್ರಶ್ನೆ ಕೇಳಿದವರು: ವೈದ್ಯರಿಗೆ ಫೋನ್ ಮಾಡಿದೆ, ನೆನ್ನೆ ರಾತ್ರಿಯಿಂದ ಮಾತ್ರೆ ಮತ್ತೆ ಶುರುವಾಗಿದೆ. ಮುಂದಿನ ತಿಂಗಳು ನರರೋಗ ತಜ್ಞರಿಗೆ ತೋರಿಸಿ ಬೇರೆ ಔಷಧಕ್ಕೆ ಬದಲಿಸುವ ಬಗ್ಗೆ ಕೇಳಲಿದ್ದೇವೆ. ಅಮ್ಮನಿಗೆ ಹೃದಯದ ಕವಾಟ ಬದಲಿಸಿದ್ದರಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಕೂಡ ನಡೆಯುತ್ತಿದೆ. ಅದನ್ನೂ ಹೇಳಬೇಕೇ?

ಅರಿವಳಿಕೆ ತಜ್ಞೆ, ಮೈಸೂರು: ಅದನ್ನೇ ಮೊದಲು ಹೇಳಿ. ಯಕೃತ್ತು ಚುರುಕಾಗುತ್ತದೆ ಎಂದೆನಲ್ಲ, ಅದು ಗಾರ್ಡಿನಾಲ್ ಒಂದನ್ನೇ ಅಲ್ಲ, ವಾರ್ಫರಿನ್ನನ್ನೂ ಬೇಗ ಕರಗಿಸುತ್ತಿದೆ. ತಾಯಿಯವರ ಈಗಿನ ವಾರ್ಫರಿನ್ ಪ್ರಮಾಣ ಆ ಚುರುಕಿಗೆ ಹೊಂದಿಸಿದ್ದು, ಬೇರೆಯವರಿಗಿಂತ ಹೆಚ್ಚೇ ಇರಬಹುದು. ಗಾರ್ಡಿನಾಲ್ ಇಳಿಸುತ್ತಾ ಹೋದಂತೆ ಯಕೃತ್ತು ವಾರಗಳಲ್ಲಿ ಮೊದಲಿನ ನಿಧಾನಕ್ಕೆ ಮರಳುತ್ತದೆ, ಅದೇ ವಾರ್ಫರಿನ್ ಆಗ ರಕ್ತದಲ್ಲಿ ಕೂಡಿಕೊಂಡು ಒಳಗೆ ರಕ್ತಸ್ರಾವವಾಗಬಹುದು. ಬದಲಿಸುವುದೇ ಆದರೆ ಹೊಸ ಔಷಧವನ್ನು ಮೊದಲು ಏರಿಸಿ, ಇದನ್ನು ತಿಂಗಳುಗಟ್ಟಲೆ ನಿಧಾನವಾಗಿ ಇಳಿಸುತ್ತಾರೆ. ಆ ಅವಧಿಯಲ್ಲಿ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ನೋಡುವ ಐಎನ್‌ಆರ್ ಪರೀಕ್ಷೆ ಎಷ್ಟು ದಿನಕ್ಕೊಮ್ಮೆ ಆಗಬೇಕೆಂದು ನರರೋಗ ತಜ್ಞರನ್ನೂ ಹೃದ್ರೋಗ ತಜ್ಞರನ್ನೂ ಕೇಳಿ ಬರೆಸಿಕೊಳ್ಳಿ. ನಡುವೆ ಒಸಡಿನಲ್ಲಿ ರಕ್ತ, ಕಾರಣವಿಲ್ಲದ ನೀಲಿ ಕಲೆ, ಕಪ್ಪು ಮಲ ಕಂಡರೆ ಪರೀಕ್ಷೆಯ ದಿನಕ್ಕೆ ಕಾಯದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.