ಪದಚರ್ಚೆ: ‘ಮಲ್ಟಿಪ್ಲೆಕ್ಸಿಂಗ್’ಗೆ ‘ಸರದಿ’ ಆಗಬಹುದೇ? ‘ಅಂಕಿ’ ಎಂದರೆ ಇಲ್ಲಿ ಯಾವುದು?

ಮಂಜುಳಾ:

ಎಲ್ಲರಿಗೂ ನಮಸ್ಕಾರ. ಎಲೆಕ್ಟ್ರಾನಿಕ್ಸ್ ಕಲಿಯುವವರಿಗೆಂದು ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ನಾಲ್ಕು ಅಂಕಿಯ ಸೆವೆನ್ ಸೆಗ್ಮೆಂಟ್ ಡಿಸ್‌ಪ್ಲೇ ಬಂದಲ್ಲಿ ಪದಗಳಿಗೆ ತಡಕಾಡುವಂತಾಗಿದೆ.

ಆ ಡಿಸ್‌ಪ್ಲೇಗೆ ಹೊರಗೆ ಕಾಣುವುದು ಹನ್ನೆರಡೇ ಕಾಲು. ಏಳು ಕಡ್ಡಿ ಮತ್ತು ಒಂದು ಚುಕ್ಕಿಗೆ ಎಂಟು, ಅಂಕಿಗೊಂದರಂತೆ ನಾಲ್ಕು. ನಾಲ್ಕೂ ಅಂಕಿಗಳ ಕಡ್ಡಿಗಳು ಒಳಗೇ ಒಂದಕ್ಕೊಂದು ಸೇರಿಕೊಂಡಿರುವುದರಿಂದ ಒಂದು ಹೊತ್ತಿಗೆ ಒಂದು ಅಂಕಿಯನ್ನಷ್ಟೇ ಬೆಳಗಿಸಿ, ಆರಿಸಿ, ಮುಂದಿನದಕ್ಕೆ ಹೋಗಬೇಕು. ಇದು ಬೇಗಬೇಗ ನಡೆದರೆ ನಾಲ್ಕೂ ಒಟ್ಟಿಗೆ ಹೊತ್ತಿದಂತೆ ಕಾಣುತ್ತದೆ. ಇದಕ್ಕೆ ನಾನು ‘ಸರದಿ ಬೆಳಗು’ ಎಂದು ಬರೆದಿದ್ದೇನೆ. ‘ರಿಫ್ರೆಶ್ ರೇಟ್’ಗೆ ಸದ್ಯಕ್ಕೆ ‘ತಾಜಾಗೊಳಿಸುವ ದರ’ ಎಂದಿದೆ, ಓದಿದಾಗಲೆಲ್ಲ ಮುಜುಗರವಾಗುತ್ತದೆ. ತಾಜಾ ಮಾಡಲು ಅಲ್ಲಿ ಬಾಡಿದ್ದೇನಿದೆ?

ಇಷ್ಟೇ ಆಗಿದ್ದರೆ ಪದಕೋಶ ತಿರುವಿ ಸುಮ್ಮನಾಗುತ್ತಿದ್ದೆ. ಕರಡು ಓದಿ ಮಾಡಿನೋಡಿದ ಇಬ್ಬರು ಎಡವಿದ್ದಾರೆ, ಎಡವಿದ್ದು ನನ್ನ ವಾಕ್ಯಗಳಿಂದಲೇ ಅನ್ನಿಸುತ್ತಿದೆ. ಒಂದು ಕಡೆ ‘ದರ 100 ಹರ್ಟ್ಸ್ ಇರಲಿ’ ಎಂದಿದ್ದೆ. ಅದರಂತೆಯೇ ಮಾಡಿದ ಹುಡುಗನಿಗೆ ಡಿಸ್‌ಪ್ಲೇ ಪಟಪಟ ಮಿಟುಕುತ್ತಿದೆಯಂತೆ. ಇನ್ನೊಂದು ಕಡೆ ಹೀಗಿದೆ: ‘ಕೆಲವೊಮ್ಮೆ ಅಂಕಿಗಳ ಹೊಳಪಿನಲ್ಲಿ ಏರುಪೇರು ಕಾಣುತ್ತದೆ, ಕಡ್ಡಿಗೊಂದು ರೆಸಿಸ್ಟರ್ ಇಲ್ಲದಿದ್ದರೆ ಹೀಗಾಗುತ್ತದೆ.’ ಇದನ್ನು ನಂಬಿದ ಮತ್ತೊಬ್ಬರು ಎಂಟೂ ರೆಸಿಸ್ಟರ್ ಬಿಚ್ಚಿ ಹೊಸದು ಹಾಕಿದರು. ಕೊನೆಯ ಅಂಕಿ ಮಾತ್ರ ಮೊದಲಿನಂತೆಯೇ ಎದ್ದು ಹೊಳೆಯುತ್ತಿದೆ. ತಪ್ಪು ಎಲ್ಲಿದೆ, ಹೇಳಿ.

ಶ್ರೀಪಾದ:

ಮಂಜುಳಾ ಅವರೇ, ಶಾಸ್ತ್ರಪದಕ್ಕೆ ಒಂದು ತೂಕ ಬೇಕು. ‘ಬಹುಸಂಕೇತನ’ ಎನ್ನಿ. ಒಂದೇ ತಂತಿಯಲ್ಲಿ ಹಲವು ಸಂಕೇತ ಸಾಗುತ್ತವೆ ಎಂಬ ಭಾವ ಅದರಲ್ಲಿ ಬರುತ್ತದೆ. ‘ಸರದಿ’ ಟಿಕೆಟ್ ಕಿಟಕಿಯ ಮುಂದೆ ನಿಂತಂತೆ ಕೇಳಿಸುತ್ತದೆ.

ದರದ ವಿಚಾರಕ್ಕೆ ಇಷ್ಟು ತಲೆಬಿಸಿ ಯಾಕೋ ತಿಳಿಯಲಿಲ್ಲ. ಸಿನಿಮಾ ಓಡುವುದು ಸೆಕೆಂಡಿಗೆ 24 ಚಿತ್ರಗಳಲ್ಲಿ. ನಮ್ಮ ಕಣ್ಣು ಅಷ್ಟನ್ನು ಬೆಸೆದುಕೊಳ್ಳುತ್ತದೆ ಎಂದಮೇಲೆ ಇಲ್ಲಿಗೂ 24 ಸಾಕು. ಆ ಹುಡುಗನ ಸಮಸ್ಯೆ ಬೇರೆ ಏನೋ ಇರಬೇಕು.

ಸುಹಾಸ್:

ಅಕ್ಕಾ, ಸರದಿ ದೀಪ ನಾನೂ ಮಾಡಿದ್ದೀನಿ! ಹತ್ತು ಎಲ್‌ಇಡಿ ಸಾಲಾಗಿ, ಒಂದಾದ ಮೇಲೊಂದು ಓಡುತ್ತೆ. ಅದಕ್ಕೆ `CD4017` ಹಾಕಿ, ಕೋಡೇ ಬೇಡ. ವೇಗ ಹೆಚ್ಚು ಮಾಡಬೇಡಿ, ಜಾಸ್ತಿಯಾದ್ರೆ ಓಡೋದೇ ಕಾಣಲ್ಲ, ಎಲ್ಲಾ ಒಟ್ಟಿಗೆ ಹತ್ತಿದ ಹಾಗೆ ಕಾಣುತ್ತೆ.

ಗಿರಿಜಾ:

ಸುಹಾಸ್, ನಿಮ್ಮಲ್ಲಿ ಕೆಟ್ಟದ್ದು ಎನಿಸಿದ್ದೇ ಮಂಜುಳಾಗೆ ಬೇಕಿರುವುದು. ಆದರೂ ನೀವು ತಪ್ಪು ತಿಳಿದದ್ದು ಒಳ್ಳೆಯದೇ ಆಯಿತು. ‘ಸರದಿ ಬೆಳಗು’ ಎಂದರೆ ಓಡುವ ದೀಪ ನೆನಪಾಗುತ್ತದೆ ಎಂದು ಗೊತ್ತಾಯಿತು. ‘ಪಾಳಿ’ ಎಂದರೆ ಹೇಗೆ? ಕೆಲಸದ ಪಾಳಿಯಲ್ಲಿ ಒಬ್ಬರು ಇಳಿದ ಮೇಲೆಯೇ ಇನ್ನೊಬ್ಬರು ಏರುವುದು, ಜಾಗ ಒಂದೇ. ಇಲ್ಲಿ ಆ ಜಾಗ ಎಂಟು ಕಡ್ಡಿತಂತಿಗಳು.

ಶ್ರೀಪಾದ ಸರ್, ಸಿನಿಮಾ 24 ಚಿತ್ರ ಎಂಬುದು ನಿಜ. ಆದರೆ ಪ್ರೊಜೆಕ್ಟರಿನ ಶಟರ್ ಒಂದೊಂದು ಚಿತ್ರವನ್ನೂ ಎರಡು ಅಥವಾ ಮೂರು ಸಲ ಮಿಂಚಿಸುತ್ತದೆ. ಪರದೆ ಬೆಳಗುವುದು 48 ಅಥವಾ 72 ಸಲ. ಚಲನೆ ಬೆಸೆದುಕೊಳ್ಳಲು 24 ಸಾಕು, ಮಿಟುಕು ಮಾಯವಾಗಲು ಸಾಲದು. ಕತ್ತಲಲ್ಲಿ ಹೊಳೆಯುವ ಕೆಂಪು ಅಂಕಿಗೆ ಐವತ್ತೂ ಅಂಚಿನದು. ನೇರ ನೋಡಿದರೆ ಸರಿ ಕಂಡೀತು, ಓರೆಗಣ್ಣಿಗೆ ಬಿದ್ದಾಗ ಅಥವಾ ತಲೆ ತಟಕ್ಕನೆ ತಿರುಗಿಸಿದಾಗ ಒಡೆದು ಕಾಣುತ್ತದೆ.

ಈಗ ಆ ಹುಡುಗನದು. ಅವನು ಟೈಮರ್ ಇಂಟರಪ್ಟನ್ನು 100 ಹರ್ಟ್ಸ್‌ಗೆ ಇಟ್ಟಿರುತ್ತಾನೆ, ಅಂದರೆ 10 ಮಿಲಿಸೆಕೆಂಡಿಗೊಮ್ಮೆ ಪಾಳಿ ಬದಲು. ನಾಲ್ಕು ಪಾಳಿ ಮುಗಿಯಲು 40 ಮಿಲಿಸೆಕೆಂಡ್ ಹಿಡಿಯುತ್ತದೆ. ಒಂದೊಂದು ಅಂಕಿ ಬೆಳಗುವುದು ಸೆಕೆಂಡಿಗೆ 25 ಸಲ ಮಾತ್ರ. ‘ದರ’ ಎಂದಿರಿ, ಯಾವುದರ ದರ ಎಂದು ಹೇಳಲಿಲ್ಲ. ನಾನಾದರೆ ‘ಸುತ್ತು’ ಎನ್ನುತ್ತೇನೆ: ನಾಲ್ಕು ಪಾಳಿ ಸೇರಿದರೆ ಒಂದು ಸುತ್ತು, ಸೆಕೆಂಡಿಗೆ ಎಷ್ಟು ಸುತ್ತು ಎಂಬುದೇ ನಿಮ್ಮ ರಿಫ್ರೆಶ್ ರೇಟ್. ಪಾಳಿಗೆ 2 ಮಿಲಿಸೆಕೆಂಡ್ ಕೊಟ್ಟರೆ ಸುತ್ತಿಗೆ 8, ಸೆಕೆಂಡಿಗೆ 125 ಸುತ್ತು. ಕಣ್ಣಿಗೆ ಇದು ನಿಶ್ಚಲ.

ಹಾಗೆಂದು ಸಾವಿರಗಟ್ಟಲೆ ಸುತ್ತು ಓಡಿಸಬೇಡಿ. ಪಾಳಿ ಬದಲಾಗುವಾಗ ಎಲ್ಲವನ್ನೂ ಒಂದು ಚಣ ಆರಿಸಬೇಕು. ಅದಕ್ಕೆ 20 ಮೈಕ್ರೊಸೆಕೆಂಡ್ ಹೋಯಿತೆನ್ನಿ. ಪಾಳಿ 2 ಮಿಲಿಸೆಕೆಂಡಿದ್ದರೆ ನಷ್ಟ ನೂರಕ್ಕೆ ಒಂದು, ಪಾಳಿಯನ್ನು 100 ಮೈಕ್ರೊಸೆಕೆಂಡಿಗೆ ಇಳಿಸಿದರೆ ಐದನೇ ಒಂದು ಪಾಲು ಬೆಳಕೇ ಹೋಯಿತು.

ಮಂಜುಳಾ:

‘ಪಾಳಿ’, ‘ಸುತ್ತು’ ಎರಡೂ ಹಿಡಿಸಿದವು. ಆ ಹುಡುಗನನ್ನು ಕೇಳಿದೆ, 10 ಮಿಲಿಸೆಕೆಂಡೇ ಇಟ್ಟಿದ್ದನಂತೆ. ಹೊಳಪಿನ ವಾಕ್ಯಕ್ಕೆ ಏನು ಮಾಡಲಿ ಗಿರಿಜಾ?

ಗಿರಿಜಾ:

ಅಲ್ಲಿ ಎಡವಟ್ಟಾದದ್ದು ‘ಅಂಕಿ’ಯಿಂದ. 1, 8 ಎಂಬ ಗುರುತಿಗೂ ನಾವು ಅಂಕಿ ಎನ್ನುತ್ತೇವೆ, ಎಡದಿಂದ ಎರಡನೆಯದು ಎಂಬ ಜಾಗಕ್ಕೂ ಅಂಕಿ ಎನ್ನುತ್ತೇವೆ. ನಿಮ್ಮ ವಾಕ್ಯ ಹೇಳುತ್ತಿರುವುದು ಮೊದಲನೆಯದನ್ನು, ಓದಿದವರ ತೊಂದರೆ ಎರಡನೆಯದು.

ಮೊದಲನೆಯದು ಹೀಗೆ. ರೆಸಿಸ್ಟರ್ ಉಳಿಸಲು ಕೆಲವರು ಎಂಟು ಕಡ್ಡಿಗೆ ಎಂಟರ ಬದಲು ನಾಲ್ಕು ಕಾಮನ್ ಕಾಲುಗಳಿಗೆ ನಾಲ್ಕು ಹಾಕುತ್ತಾರೆ. 5 ವೋಲ್ಟಿನಲ್ಲಿ ಕೆಂಪು ಎಲ್‌ಇಡಿಗೆ ಸುಮಾರು 2 ಹೋದರೆ ಉಳಿದ 3 ವೋಲ್ಟ್ 220 ಓಮಿನ ಮೇಲೆ ಬೀಳುತ್ತದೆ. ಹರಿಯುವುದು ಒಟ್ಟು ಹದಿಮೂರೂವರೆ ಮಿಲಿಆಂಪ್, ಅದನ್ನು ಹೊತ್ತಿದ ಕಡ್ಡಿಗಳು ಹಂಚಿಕೊಳ್ಳಬೇಕು. 1 ಬರೆದರೆ ಎರಡೇ ಕಡ್ಡಿ, ತಲಾ ಏಳರ ಹತ್ತಿರ ಸಿಗುತ್ತದೆ. 8 ಬರೆದರೆ ಏಳು ಕಡ್ಡಿ, ತಲಾ ಎರಡೂ ಸಿಗುವುದಿಲ್ಲ. 1 ಝಗಮಗ, 8 ಮಂಕು. ಮಂಕು 8ರ ಜೊತೆಗೇ ಜಾಗ ಬದಲಿಸುತ್ತದೆ.

ಎರಡನೆಯದು ಜಾಗ ಬಿಟ್ಟು ಕದಲುವುದಿಲ್ಲ. ಅವರ ಕೋಡ್ ನೋಡದೆಯೂ ಊಹಿಸಬಲ್ಲೆ: `loop` ಒಳಗೆ ನಾಲ್ಕು ಅಂಕಿಗೂ `delay(2)`, ಆಮೇಲೆ ಸೆನ್ಸರ್ ಓದುವುದು, ಲೆಕ್ಕ ಹಾಕುವುದು. ಈ ಕೆಲಸ ನಡೆಯುವಾಗ ಕೊನೆಯ ಅಂಕಿಯನ್ನು ಆರಿಸಿರುವುದಿಲ್ಲ. ಅದಕ್ಕೆ 4 ಮಿಲಿಸೆಕೆಂಡ್ ಹಿಡಿದರೆ ಪಾಳಿಗಳು 2, 2, 2, 6 ಆಗುತ್ತವೆ. ಕೊನೆಯದಕ್ಕೆ ಮೂರು ಪಟ್ಟು ಬೆಳಕು. ಇಲ್ಲಿ ರೆಸಿಸ್ಟರ್ ಬದಲಿಸಿ ಏನು ಬಂತು?

ಎರಡನ್ನೂ ಬೇರೆ ಮಾಡಿ ನೋಡಲು 8888 ತೋರಿಸಿ. ನಾಲ್ಕೂ ಒಂದೇ ಸಮ ಮಂಕಾಗಿದ್ದು, 1818 ಎಂದಾಗ ಬೇಧ ಕಂಡರೆ ರೆಸಿಸ್ಟರ್ ಜಾಗ ತಪ್ಪಿದೆ. 8888ರಲ್ಲೇ ಒಂದು ಜಾಗ ಎದ್ದು ಕಂಡರೆ ಪಾಳಿಯ ಹೊತ್ತು ತಪ್ಪಿದೆ. ಪಾಳಿಯನ್ನು ಇಂಟರಪ್ಟಿಗೆ ಒಪ್ಪಿಸಿಬಿಟ್ಟರೆ `loop` ಎಷ್ಟು ಹೊತ್ತು ಬೇಕಾದರೂ ತೆಗೆದುಕೊಳ್ಳಲಿ:

```
ISR(TIMER1_COMPA_vect) {
  DIGITS = 0;
  n = (n + 1) & 3;
  SEGS = pattern[n];
  DIGITS = 1 << n;
}
```

ಒಂದು ಮಾತು ಬಿಟ್ಟೆ. ಕಡ್ಡಿಗೊಂದು ರೆಸಿಸ್ಟರ್ ಸರಿಯಾಗಿಯೇ ಹಾಕಿ, ಕಾಮನ್ ಕಾಲನ್ನು ಮೈಕ್ರೊಕಂಟ್ರೋಲರಿನ ಪಿನ್ನಿಗೆ ನೇರ ಕೊಟ್ಟರೂ 8 ಮಂಕಾಗುತ್ತದೆ. ಅಲ್ಲಿ ಏಳು ಕಡ್ಡಿಯ ಕರೆಂಟು, ತೊಂಬತ್ತು ಮಿಲಿಆಂಪಿಗೂ ಮೇಲೆ, ಒಂದೇ ಪಿನ್ನಿನಲ್ಲಿ ಹರಿಯಬೇಕು. `ATmega328P` ಪಿನ್ನಿಗೆ 40 ಮೀರಲೇಬಾರದು. ನಡುವೆ ಟ್ರಾನ್ಸಿಸ್ಟರ್ ಬೇಕೇ ಬೇಕು.

ಶ್ರೀಪಾದ:

ಶಟರಿನ ಸಂಗತಿ ಹೊಳೆದಿರಲಿಲ್ಲ, ಒಪ್ಪಿದೆ. ‘ಅಂಕಿ’ಗೆ ಪರಿಹಾರ ಒಂದನೇ ತರಗತಿಯ ಲೆಕ್ಕದಲ್ಲೇ ಇದೆಯಲ್ಲ! ಬಿಡಿ ಸ್ಥಾನ, ಹತ್ತರ ಸ್ಥಾನ, ನೂರರ ಸ್ಥಾನ, ಸಾವಿರದ ಸ್ಥಾನ. ಜಾಗಕ್ಕೆ ‘ಸ್ಥಾನ’ ಎನ್ನಿ, ಬರೆದ ಗುರುತಿಗೆ ಮಾತ್ರ ‘ಅಂಕಿ’ ಎನ್ನಿ. ‘ಬಿಡಿ ಸ್ಥಾನ ಎದ್ದು ಹೊಳೆಯುತ್ತಿದೆ’ ಎಂದರೆ ಯಾರೂ ರೆಸಿಸ್ಟರಿಗೆ ಕೈ ಹಾಕುವುದಿಲ್ಲ.

ಇನ್ನು ‘ಏರುಪೇರು’. ಅದು ಹೊತ್ತಿನೊಂದಿಗೆ ಏರಿ ಇಳಿಯುವುದಕ್ಕೆ ಹೇಳುವ ಮಾತು. ಇಲ್ಲಿ ಒಂದೊಂದು ಸ್ಥಾನವೂ ತನ್ನ ಮಟ್ಟಿಗೆ ಸ್ಥಿರ, ಪಕ್ಕದ್ದಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ. ‘ಹೊಳಪಿನ ತಾರತಮ್ಯ’ ಎಂದರೆ ಸರಿಹೋದೀತು. ‘ಬಹುಸಂಕೇತನ’ವನ್ನು ಮಾತ್ರ ನಾನು ಬಿಟ್ಟುಕೊಟ್ಟಿಲ್ಲ. ಟೆಲಿಫೋನ್ ತಂತಿಯ ಅಧ್ಯಾಯ ಬಂದಾಗ ‘ಪಾಳಿ’ ಸಾಲುವುದಿಲ್ಲ, ಅಲ್ಲಿ ಹಲವು ಮಾತುಗಳು ಬೇರೆಬೇರೆ ಆವರ್ತನದಲ್ಲಿ ಒಂದೇ ಹೊತ್ತಿಗೆ ಹೋಗುವುದೂ ಉಂಟು.

ಸುಹಾಸ್:

ಓಹೋ, ಈಗ ಗೊತ್ತಾಯ್ತು. ಹಾಗಿದ್ರೆ `MAX7219` ಹಾಕಿಬಿಡಿ ಅಕ್ಕಾ, ಎಲ್ಲಾ ಅದೇ ನೋಡ್ಕೊಳ್ಳುತ್ತೆ. ನಂದೊಂದು ಗಡಿಯಾರ ಇದೆ, ಕಣ್ಣಿಗೆ ಸರಿಯಾಗೇ ಕಾಣುತ್ತೆ, ಮೊಬೈಲಲ್ಲಿ ವಿಡಿಯೊ ಮಾಡಿದ್ರೆ ಮಾತ್ರ ಒಂದೊಂದು ಅಂಕಿ ಮಾಯ. ಅದೂ ಕೆಟ್ಟಿದೆಯಾ?

ಗಿರಿಜಾ:

ಕೆಟ್ಟಿಲ್ಲ. ಕ್ಯಾಮೆರಾ ಕಣ್ಣು ತೆರೆದಿದ್ದ ಅಷ್ಟು ಹೊತ್ತಿನಲ್ಲಿ ಆ ಸ್ಥಾನದ ಪಾಳಿ ಬಂದಿರಲಿಲ್ಲ, ಅಷ್ಟೆ. ಸುತ್ತು ಹೆಚ್ಚಿಸಿದರೆ ಕಡಿಮೆಯಾಗುತ್ತದೆ. ಅಂದಹಾಗೆ `MAX7219` ವಿವರಪತ್ರ ಇದನ್ನು ‘ಸ್ಕ್ಯಾನ್ ರೇಟ್’ ಎನ್ನುತ್ತದೆ, ಎಂಟು ಸ್ಥಾನಕ್ಕೆ ಸಾಮಾನ್ಯವಾಗಿ 800 ಹರ್ಟ್ಸ್. ‘ಸುತ್ತು’ ಅದಕ್ಕೂ ಹೊಂದುತ್ತದೆ.

ಮಂಜುಳಾ:

ತಿದ್ದಿದ ವಾಕ್ಯ ಇದು: ‘8888 ತೋರಿಸಿದಾಗಲೂ ಒಂದು ಸ್ಥಾನ ಎದ್ದು ಹೊಳೆದರೆ ಆ ಸ್ಥಾನದ ಪಾಳಿ ಉದ್ದವಾಗಿದೆ, 8 ಇರುವ ಸ್ಥಾನವೆಲ್ಲ ಮಂಕಾಗಿ 1 ಇರುವುದು ಹೊಳೆದರೆ ಕರೆಂಟು ಹಂಚಿಹೋಗುತ್ತಿದೆ.’ ರೆಸಿಸ್ಟರ್ ಬದಲಿಸಿದವರು ಸೆನ್ಸರ್ ಓದುವ ಸಾಲನ್ನು ತೆಗೆದು ನೋಡಿದರಂತೆ, ಬಿಡಿ ಸ್ಥಾನ ಉಳಿದವುಗಳ ಸಮಕ್ಕೆ ಬಂತು.

ಈಗ ಇನ್ನೊಂದು ಉಳಿದಿದೆ. ಕಡ್ಡಿಗಳ ಮಾದರಿ ಬದಲಿಸುವ ಮೊದಲು ಹಿಂದಿನ ಸ್ಥಾನವನ್ನು ಆರಿಸದಿದ್ದರೆ, ಅಥವಾ ಟ್ರಾನ್ಸಿಸ್ಟರ್ ಆರಲು ತಡಮಾಡಿದರೆ, ಪಕ್ಕದ ಅಂಕಿಯ ಕಡ್ಡಿಗಳು ಇಲ್ಲೂ ಮಸುಕಾಗಿ ಕಾಣುತ್ತವೆ. ಇದಕ್ಕೆ ‘ಘೋಸ್ಟಿಂಗ್’ ಎನ್ನುತ್ತಾರೆ. ‘ಪ್ರೇತ’ ಬೇಡ. ‘ನೆರಳು’ ಎಂದರೆ ಕಪ್ಪು, ಇಲ್ಲಿ ಇರುವುದು ಬೆಳಕು. ನಮ್ಮಮ್ಮ ನೋಡಿ ‘ಪಕ್ಕದ್ದರ ಎಂಜಲು’ ಅಂದರು. ‘ಎಂಜಲು ಬೆಳಕು’ ಎಂದು ಬರೆಯಲೇ?

ಶ್ರೀಪಾದ:

ಪಠ್ಯದಲ್ಲಿ ಎಂಜಲೇ! ‘ಅವಶಿಷ್ಟ ದೀಪ್ತಿ’ ಎನ್ನಬಹುದು.

ಗಿರಿಜಾ:

ನನ್ನ ಓಟು ಎಂಜಲಿಗೆ. ಒಂದು ತಕರಾರಿದೆ: ಕಡ್ಡಿಗಳನ್ನು ಮೊದಲು ಬದಲಿಸಿ ಸ್ಥಾನವನ್ನು ಆಮೇಲೆ ಬದಲಿಸಿದರೆ, ಮುಂದೆ ಬರಬೇಕಾದ ಅಂಕಿ ಹಿಂದಿನ ಸ್ಥಾನದಲ್ಲೇ ಮೊದಲು ಮಸುಕಾಗಿ ಕಾಣುತ್ತದೆ. ಇನ್ನೂ ಬಾರದವನದ್ದು ಎಂಜಲು ಹೇಗಾದೀತು?